ಖಾಲಿ ಖಾನೆಗೆ 32 ಡಿಗ್ರಿ ಎಲ್ಲಿಂದ ಬಂತು?

ಪರದೆಯ ಮೇಲೆ ಎರಡು ಖಾನೆಗಳಿವೆ. ಎಡಗಡೆಯದು ಸೆಲ್ಸಿಯಸ್‌ಗೆ, ಬಲಗಡೆಯದು ಫ್ಯಾರನ್‌ಹೀಟ್‌ಗೆ. ಎಡಗಡೆ 37 ಎಂದು ಟೈಪ್ ಮಾಡುತ್ತಿದ್ದ ಹಾಗೇ ಬಲಗಡೆ 98.6 ಮೂಡುತ್ತದೆ. ‘ಪರಿವರ್ತಿಸಿ’ ಎಂಬ ಗುಂಡಿಯನ್ನು ಹುಡುಕಿ ಒತ್ತುವ ಕೆಲಸವಿಲ್ಲ. ಈಗ ಎಡಗಡೆಯ ಎರಡೂ ಅಂಕಿಗಳನ್ನು ಅಳಿಸಿಬಿಟ್ಟರೆ? ಬಲಗಡೆಯೂ ಖಾಲಿಯಾಗಬೇಕು ಎಂದೇ ಯಾರಾದರೂ ಅಂದುಕೊಳ್ಳುತ್ತಾರೆ. ಆದರೆ ಅಲ್ಲಿ 32 ಎಂದು ಕಾಣಿಸಿಕೊಳ್ಳುತ್ತದೆ. ಯಾರೂ ಏನೂ ಕೇಳಿಲ್ಲ, ಉತ್ತರ ಮಾತ್ರ ಸಿದ್ಧವಾಗಿದೆ.

ಜಾವಾಸ್ಕ್ರಿಪ್ಟ್ ಕಲಿಯುವವರು ಬರೆಯುವ ಮೊದಮೊದಲ ಪುಟಗಳಲ್ಲಿ ತಾಪಮಾನ ಪರಿವರ್ತಕವೂ ಒಂದು. ಗಣಿತ ಹೈಸ್ಕೂಲಿನದು: ಸೆಲ್ಸಿಯಸ್ಸನ್ನು 9ರಿಂದ ಗುಣಿಸಿ, 5ರಿಂದ ಭಾಗಿಸಿ, 32 ಕೂಡಿಸಿದರಾಯಿತು. ಅಷ್ಟಕ್ಕೆ ಒಂದು ಸಾಲು ಸಾಕು. ಉಳಿದ ಸಾಲುಗಳೆಲ್ಲ ಖರ್ಚಾಗುವುದು ಆ ಖಾನೆಯಲ್ಲಿ ಸಂಖ್ಯೆ ಇಲ್ಲದಿರುವಾಗ ಏನು ಮಾಡಬೇಕು ಎಂಬ ಪ್ರಶ್ನೆಗೆ.

ಎರಡು ಅಳತೆಗಳ ಈ ತಾಪತ್ರಯ ಭಾರತದ ಮನೆಗಳಿಗೆ ಹೊಸದೇನಲ್ಲ. ಕಲಬುರಗಿಯಲ್ಲಿ ಇವತ್ತು 42 ಡಿಗ್ರಿ ಎಂದು ಟಿವಿ ಹೇಳಿದರೆ ಅದು ಸೆಲ್ಸಿಯಸ್. ಮಗುವಿಗೆ 102 ಜ್ವರ ಎಂದು ತಾಯಿ ಹೇಳಿದರೆ ಅದು ಫ್ಯಾರನ್‌ಹೀಟ್. ಯಾರೂ ಗೊಂದಲಪಡುವುದಿಲ್ಲ, ಏಕೆಂದರೆ ಸಂದರ್ಭವೇ ಅಳತೆಯನ್ನು ಹೇಳಿಬಿಡುತ್ತದೆ. ಡಾನಿಯಲ್ ಗೇಬ್ರಿಯಲ್ ಫ್ಯಾರನ್‌ಹೀಟ್ ತನ್ನ ಅಳತೆಯನ್ನು ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ವಿವರಿಸಿದ್ದು 1724ರಲ್ಲಿ. ಸ್ವೀಡನ್ನಿನ ಆಂಡರ್ಸ್ ಸೆಲ್ಸಿಯಸ್ ತನ್ನ ನೂರು ಭಾಗದ ಅಳತೆಯನ್ನು ಮುಂದಿಟ್ಟಿದ್ದು 1742ರಲ್ಲಿ. ಅದೂ ತಲೆಕೆಳಗಾಗಿ, ನೀರು ಕುದಿಯುವುದಕ್ಕೆ 0, ಹೆಪ್ಪುಗಟ್ಟುವುದಕ್ಕೆ 100 ಎಂದು. ಅವನು ಸತ್ತ ಮೇಲೆ ಅದನ್ನು ಈಗಿನಂತೆ ತಿರುಗಿಸಿದರು. ಎರಡೂ ಅಳತೆಗಳು ಒಂದೇ ಅಂಕಿ ತೋರಿಸುವ ಜಾಗ ಒಂದಿದೆ, −40. ಪರಿವರ್ತಕ ಸರಿಯಿದೆಯೇ ಎಂದು ನೋಡಲು ಪ್ರೋಗ್ರಾಮರ್‌ಗಳು ಮೊದಲು ಒತ್ತಿ ನೋಡುವ ಸಂಖ್ಯೆ ಅದೇ. ಆ ಸಂಖ್ಯೆ ಇನ್ನೊಂದು ಕಾರಣಕ್ಕೂ ಮುಂದೆ ಬರುತ್ತದೆ.

ಟೈಪ್ ಮಾಡುತ್ತಿದ್ದ ಹಾಗೇ ಉತ್ತರ ಬರಬೇಕಾದರೆ ಖಾನೆಯಲ್ಲಿ ಏನಾದರೂ ಬದಲಾಯಿತು ಎಂಬ ಸುದ್ದಿಯನ್ನು ಬ್ರೌಸರ್ ಪ್ರೋಗ್ರಾಮಿಗೆ ಮುಟ್ಟಿಸಬೇಕು. ಅದಕ್ಕೆ ಹಲವು ಬಗೆಯ ಸುದ್ದಿಗಳಿವೆ. `change` ಎಂಬುದು ಬರುವುದು ಬರೆದು ಮುಗಿಸಿ ಎಂಟರ್ ಒತ್ತಿದಾಗ ಅಥವಾ ಬೇರೆ ಕಡೆ ಹೋದಾಗ. ಅಷ್ಟು ಹೊತ್ತು ಉತ್ತರ ಕಾಯುತ್ತ ಕೂರುತ್ತದೆ. `keydown` ಬರುವುದು ಅಕ್ಷರ ಖಾನೆಗೆ ಬೀಳುವ ಮೊದಲೇ. ಅದನ್ನು ನಂಬಿದರೆ ಉತ್ತರ ಸದಾ ಒಂದು ಅಕ್ಷರ ಹಿಂದಿರುತ್ತದೆ. ಕೀ ಬಿಟ್ಟಾಗ ಬರುವ `keyup` ಪರವಾಗಿಲ್ಲ ಅನಿಸುತ್ತದೆ, ಆದರೆ ಮೌಸಿನಿಂದ ಪೇಸ್ಟ್ ಮಾಡಿದರೆ ಅಥವಾ ಮೊಬೈಲಿನಲ್ಲಿ ಬಾಯಲ್ಲಿ ಹೇಳಿ ಬರೆಸಿದರೆ ಅದಕ್ಕೆ ಗೊತ್ತೇ ಆಗುವುದಿಲ್ಲ. ಇಲ್ಲಿಗೆ ಹೊಂದುವುದು `input`. ಬದಲಾವಣೆ ಯಾವ ದಾರಿಯಿಂದ ಬಂದರೂ, ಬದಲಾದ ತಕ್ಷಣ ಅದು ಬರುತ್ತದೆ. ಸೆಲ್ಸಿಯಸ್ ಖಾನೆಗೆ `c`, ಫ್ಯಾರನ್‌ಹೀಟ್ ಖಾನೆಗೆ `f` ಎಂದು ಹೆಸರಿಟ್ಟರೆ ಎಲ್ಲರೂ ಮೊದಲು ಬರೆಯುವ ಪ್ರೋಗ್ರಾಮು ಹೀಗಿರುತ್ತದೆ:

```js
c.addEventListener("input", () => {
  f.value = c.value * 9 / 5 + 32;
});
```

37 ಬರೆಯಲು ಹೊರಟವರು ಮೊದಲು 3 ಒತ್ತುತ್ತಾರೆ, ಬಲಗಡೆ 37.4 ಬರುತ್ತದೆ. ಆಮೇಲೆ 7 ಒತ್ತುತ್ತಾರೆ, 98.6 ಬರುತ್ತದೆ. ನೋಡಿದವರಿಗೆ ಖುಷಿಯಾಗುತ್ತದೆ. ತೊಂದರೆ ಶುರುವಾಗುವುದು ಬ್ಯಾಕ್‌ಸ್ಪೇಸ್ ಒತ್ತಿದಾಗ.

ಖಾನೆಯಿಂದ ಬರುವುದು ಯಾವಾಗಲೂ ಪಠ್ಯ. 37 ಎಂದು ಬರೆದಿದ್ದರೂ ಪ್ರೋಗ್ರಾಮಿಗೆ ಸಿಗುವುದು 3 ಮತ್ತು 7 ಎಂಬ ಎರಡು ಅಕ್ಷರಗಳು. ಗುಣಾಕಾರದ ಚಿಹ್ನೆ ಕಂಡಾಗ ಜಾವಾಸ್ಕ್ರಿಪ್ಟ್ ಆ ಅಕ್ಷರಗಳನ್ನು ತಾನಾಗಿಯೇ ಸಂಖ್ಯೆ ಮಾಡಿಕೊಳ್ಳುತ್ತದೆ, ಹಾಗಾಗಿ ಮೇಲಿನ ಸಾಲು ಓಡುತ್ತದೆ. ಖಾಲಿ ಪಠ್ಯ ಸಿಕ್ಕರೆ ಅದನ್ನೂ ಸಂಖ್ಯೆ ಮಾಡುತ್ತದೆ, ಸೊನ್ನೆ ಎಂದು. ಇದು ಬ್ರೌಸರಿನ ದೋಷವಲ್ಲ; ಭಾಷೆಯ ಅಧಿಕೃತ ನಿಯಮವೇ ಹಾಗಿದೆ. ನೆಟ್‌ಸ್ಕೇಪ್ ಕಂಪನಿಯಲ್ಲಿ ಬ್ರೆಂಡನ್ ಐಕ್ 1995ರ ಮೇ ತಿಂಗಳಲ್ಲಿ ಹತ್ತು ದಿನಗಳಲ್ಲಿ ಈ ಭಾಷೆಯ ಮೊದಲ ರೂಪ ಕಟ್ಟಿದರು. ಪುಟ ಬರೆಯುವವರಲ್ಲಿ ಬಹಳ ಮಂದಿ ಪ್ರೋಗ್ರಾಮರ್‌ಗಳಲ್ಲ, ಏನೋ ಒಂದು ಹೆಚ್ಚುಕಮ್ಮಿಯಾದರೂ ಪುಟ ನಿಂತುಹೋಗಬಾರದು ಎಂಬ ಧೋರಣೆ ಆಗಿನದು. ಸೊನ್ನೆಯನ್ನು 9ರಿಂದ ಗುಣಿಸಿ 32 ಕೂಡಿಸಿದರೆ 32. ಖಾನೆಯಲ್ಲಿ ಬರೀ ಸ್ಪೇಸ್ ಒತ್ತಿದ್ದರೂ ಅದೇ 32.

ಇದೇ ಪುಟಕ್ಕೆ ಕೆಲ್ವಿನ್ ಅಳತೆಯನ್ನೂ ಸೇರಿಸೋಣ ಎಂದು ಹೊರಟವರಿಗೆ ಇನ್ನೊಂದು ಮುಖ ಕಾಣುತ್ತದೆ. ಕೆಲ್ವಿನ್‌ಗೆ ಗುಣಾಕಾರ ಬೇಕಿಲ್ಲ, ಸೆಲ್ಸಿಯಸ್‌ಗೆ 273.15 ಕೂಡಿಸಿದರೆ ಮುಗಿಯಿತು. ಆದರೆ ಪಠ್ಯದ ಪಕ್ಕದಲ್ಲಿ ಕೂಡುವ ಚಿಹ್ನೆ ಬಂದರೆ ಜಾವಾಸ್ಕ್ರಿಪ್ಟ್ ಅದನ್ನು ಅಂಟಿಸುವುದು ಎಂದು ತಿಳಿಯುತ್ತದೆ. 37ಕ್ಕೆ 273.15 ಕೂಡಿಸಿದಾಗ 310.15 ಬರುವ ಬದಲು 37273.15 ಬರುತ್ತದೆ. ಫ್ಯಾರನ್‌ಹೀಟಿನ ಸಾಲಿನಲ್ಲೂ ಕೂಡುವ ಚಿಹ್ನೆ ಇತ್ತಲ್ಲ, ಅಲ್ಲೇಕೆ ಹೀಗಾಗಲಿಲ್ಲ? ಅಲ್ಲಿ ಮೊದಲು ಗುಣಾಕಾರ ನಡೆದು ಪಠ್ಯ ಆಗಲೇ ಸಂಖ್ಯೆಯಾಗಿತ್ತು. ಮೊದಲ ಸಾಲು ಸರಿ ಉತ್ತರ ಕೊಟ್ಟಿದ್ದು ಬರೆದವರ ಎಚ್ಚರದಿಂದಲ್ಲ, ಸೂತ್ರದ ಕ್ರಮದಿಂದ.

ಖಾಲಿ ಖಾನೆಯ 32 ಕಂಡವರು ಮಾಡುವ ದುರಸ್ತಿ ಸಾಮಾನ್ಯವಾಗಿ ಹೀಗಿರುತ್ತದೆ: ಪಠ್ಯವನ್ನು ಮೊದಲು `Number` ಮೂಲಕ ಸಂಖ್ಯೆ ಮಾಡಿ, ಅದು ‘ಇಲ್ಲ’ ಎನ್ನುವಂಥದ್ದಾದರೆ ಬಲಗಡೆ ಖಾಲಿ ಬಿಡುವುದು. ಬರೆಯುವುದೂ ಸುಲಭ, `if (!n)` ಎಂದರೆ ಆಯಿತು. ಆದರೆ ಜಾವಾಸ್ಕ್ರಿಪ್ಟಿನ ಲೆಕ್ಕದಲ್ಲಿ ಸೊನ್ನೆಯೂ ‘ಇಲ್ಲ’ ಎನ್ನುವುದರ ಗುಂಪಿನದೇ. ಈ ದುರಸ್ತಿಯ ನಂತರ ಖಾನೆ ಖಾಲಿ ಮಾಡಿದರೆ ಬಲಗಡೆಯೂ ಖಾಲಿಯಾಗುತ್ತದೆ, ಸರಿ. ಆದರೆ ಯಾರಾದರೂ ನಿಜವಾಗಿ 0 ಬರೆದರೂ ಖಾಲಿಯೇ ಉಳಿಯುತ್ತದೆ. ಅಂಗಡಿ ಸಾಮಾನಿನ ಲೆಕ್ಕದಲ್ಲಿ ಸೊನ್ನೆಗೆ ಅಷ್ಟು ಬೆಲೆಯಿಲ್ಲದಿರಬಹುದು. ತಾಪಮಾನದಲ್ಲಿ ಸೊನ್ನೆ ಎಂದರೆ ನೀರು ಹೆಪ್ಪುಗಟ್ಟುವ ಬಿಂದು, ಜನ ಮೊದಲು ಕೇಳುವ ಸಂಖ್ಯೆಗಳಲ್ಲೊಂದು. ಮೊದಲ ಪ್ರೋಗ್ರಾಮು ಖಾಲಿಯನ್ನು ಸೊನ್ನೆ ಎಂದಿತು, ಎರಡನೆಯದು ಸೊನ್ನೆಯನ್ನು ಖಾಲಿ ಎಂದಿತು. ಇವೆರಡನ್ನೂ ಬೇರೆ ಮಾಡುವುದಕ್ಕೆ ಒಂದೇ ದಾರಿ: ಸಂಖ್ಯೆ ಮಾಡಿದ ಮೇಲೆ ಪರೀಕ್ಷಿಸಬಾರದು, ಪಠ್ಯವಾಗಿರುವಾಗಲೇ ನೋಡಬೇಕು. ಪಠ್ಯ ಸಂಖ್ಯೆಯಾದ ಕ್ಷಣಕ್ಕೆ ಆ ವ್ಯತ್ಯಾಸ ಅಳಿಸಿಹೋಗಿರುತ್ತದೆ.

ಇನ್ನು ಸಂಖ್ಯೆಯೇ ಅಲ್ಲದ ಬರಹ. ಯಾರೋ ‘ಜ್ವರ’ ಎಂದೋ ‘37 ಡಿಗ್ರಿ’ ಎಂದೋ ಬರೆದರೆ ಮೊದಲ ಪ್ರೋಗ್ರಾಮು ಬಲಗಡೆ `NaN` ಎಂದು ತೋರಿಸುತ್ತದೆ. ‘ಇದು ಸಂಖ್ಯೆಯಲ್ಲ’ ಎಂಬುದರ ಗುರುತು ಅದು; ಫ್ಲೋಟಿಂಗ್ ಪಾಯಿಂಟ್ ಲೆಕ್ಕಗಳಿಗಾಗಿ 1985ರಲ್ಲಿ ಬಂದ ಐಇಇಇ 754 ಮಾನಕದಿಂದ ಬಂದದ್ದು. ಪ್ರೋಗ್ರಾಮರ್‌ಗೆ ಅದರ ಅರ್ಥ ಗೊತ್ತು. ಅಜ್ಜಿಯ ಥರ್ಮಾಮೀಟರ್ ಓದಿ ಹೇಳಲು ಕೂತ ಮೊಮ್ಮಗನಿಗೆ ಅದೊಂದು ಒಗಟು.

ಈ ಗುರುತನ್ನು ಹಿಡಿಯಲು ಭಾಷೆಯಲ್ಲಿ ಮೊದಲಿನಿಂದಲೂ ಇರುವುದು `isNaN`. ಇದು ಮೋಸ ಮಾಡುತ್ತದೆ. ಕೊಟ್ಟದ್ದನ್ನು ಮೊದಲು ಸಂಖ್ಯೆ ಮಾಡಿಕೊಂಡು ಆಮೇಲೆ ನೋಡುವ ಚಾಳಿ ಅದರದು. ಖಾಲಿ ಪಠ್ಯ ಕೊಟ್ಟರೆ ಸೊನ್ನೆ ಮಾಡಿಕೊಂಡು ‘ಇದು ಸಂಖ್ಯೆಯೇ’ ಎಂದು ತೀರ್ಪು ಕೊಡುತ್ತದೆ. 2015ರ ಆವೃತ್ತಿಯಲ್ಲಿ ಬಂದ `Number.isNaN` ಆ ಚಾಳಿ ಬಿಟ್ಟಿದೆ. ಕೊಟ್ಟದ್ದು ನಿಜಕ್ಕೂ ಆ ಗುರುತೇ ಆಗಿದ್ದರೆ ಮಾತ್ರ ಅದು ಹೌದು ಎನ್ನುತ್ತದೆ.

ಪಠ್ಯವನ್ನು ಸಂಖ್ಯೆ ಮಾಡುವ ಇನ್ನೊಂದು ಸಾಧನ `parseFloat`. ಇದಕ್ಕೆ ಖಾಲಿ ಪಠ್ಯ ಕೊಟ್ಟರೆ ಸೊನ್ನೆ ಬರುವುದಿಲ್ಲ, `NaN` ಬರುತ್ತದೆ. ಹಾಗಾಗಿ ಬಹಳ ಪಾಠಗಳಲ್ಲಿ ಇದನ್ನೇ ಶಿಫಾರಸು ಮಾಡುತ್ತಾರೆ. ಆದರೆ ಇದರ ಔದಾರ್ಯವೇ ಅಪಾಯ. ಎಡದಿಂದ ಓದುತ್ತ ಹೋಗಿ, ಅರ್ಥವಾಗುವಷ್ಟನ್ನು ಇಟ್ಟುಕೊಂಡು, ಅರ್ಥವಾಗದ ಕಡೆ ಸದ್ದಿಲ್ಲದೆ ನಿಲ್ಲುತ್ತದೆ. ಜರ್ಮನಿಯಲ್ಲೋ ಫ್ರಾನ್ಸಿನಲ್ಲೋ ಇರುವವರು ದಶಮಾಂಶಕ್ಕೆ ಚುಕ್ಕಿಯ ಬದಲು ಅಲ್ಪವಿರಾಮ ಹಾಕಿ 39,5 ಎಂದು ಬರೆಯುತ್ತಾರೆ. `parseFloat` ಅದನ್ನು 39 ಎಂದು ಓದುತ್ತದೆ. 39.5ಕ್ಕೆ ಬರಬೇಕಾದ್ದು 103.1, ಪುಟ ತೋರಿಸುವುದು 102.2. ಜ್ವರದಲ್ಲಿ ಒಂದು ಡಿಗ್ರಿಯಷ್ಟು ವ್ಯತ್ಯಾಸ, ಯಾವ ಎಚ್ಚರಿಕೆಯೂ ಇಲ್ಲದೆ. `NaN` ಎಂದು ಕಂಡಿದ್ದರೆ ಏನೋ ಎಡವಟ್ಟಾಗಿದೆ ಎಂದಾದರೂ ತಿಳಿಯುತ್ತಿತ್ತು. 102.2 ನೋಡಲು ಸಾಚಾ ಉತ್ತರದಂತೆಯೇ ಇದೆ, ಯಾರೂ ಎರಡನೇ ಸಲ ನೋಡುವುದಿಲ್ಲ. ನಮ್ಮ ಕಡೆಯ 1,000 ಕೊಟ್ಟರಂತೂ ಅದು 1 ಎಂದು ಓದಿ 33.8 ಡಿಗ್ರಿ ಎನ್ನುತ್ತದೆ.

ಈಗ −40ಕ್ಕೆ ಬರೋಣ. ಬರೆಯುವವರು ಮೊದಲು ಒತ್ತುವುದು ಮೈನಸ್ ಚಿಹ್ನೆ. ಆ ಕ್ಷಣದಲ್ಲಿ ಖಾನೆಯಲ್ಲಿರುವುದು ಒಂದು ಅಡ್ಡಗೆರೆ ಮಾತ್ರ, ಅದು ಸಂಖ್ಯೆಯಲ್ಲ. ಬಿಗಿಯಾದ ಪ್ರೋಗ್ರಾಮು ಅಲ್ಲೇ ಕೆಂಪು ಅಕ್ಷರದಲ್ಲಿ ‘ತಪ್ಪು, ಸಂಖ್ಯೆ ಬರೆಯಿರಿ’ ಎಂದು ಗದರಿಸುತ್ತದೆ. 4 ಒತ್ತಿದಾಗ ಗದರಿಕೆ ಮಾಯವಾಗಿ 24.8 ಬರುತ್ತದೆ, 0 ಒತ್ತಿದಾಗ −40. ಚಳಿದೇಶದ ತಾಪಮಾನ ಬರೆಯುವ ಪ್ರತಿಯೊಬ್ಬರಿಗೂ ಮೊದಲ ಅಕ್ಷರಕ್ಕೇ ಬೈಗುಳ. ‘.5’ ಎಂದು ಬರೆಯಲು ಮೊದಲು ಚುಕ್ಕಿ ಇಟ್ಟವರಿಗೂ ಅದೇ ಗತಿ.

ಕ್ಷಣಕ್ಷಣಕ್ಕೂ ಲೆಕ್ಕ ಮಾಡುವ ಪುಟಕ್ಕೂ ಗುಂಡಿ ಒತ್ತಿದಾಗ ಲೆಕ್ಕ ಮಾಡುವ ಪುಟಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ. ಗುಂಡಿ ಒತ್ತಿದವರು ಬರೆದು ಮುಗಿಸಿರುತ್ತಾರೆ. ಇಲ್ಲಿ ಪುಟ ನೋಡುತ್ತಿರುವುದು ಬರೆಯುತ್ತಿರುವವರ ಕೈಯನ್ನು. ಹಾಗಾಗಿ ಖಾನೆಯಲ್ಲಿರುವುದನ್ನು ಸಂಖ್ಯೆ, ಸಂಖ್ಯೆಯಲ್ಲ ಎಂದು ಎರಡೇ ಪಾಲು ಮಾಡಿದರೆ ಸಾಲದು. ಮೂರನೆಯದೊಂದು ಬೇಕು: ಇನ್ನೂ ಸಂಖ್ಯೆಯಾಗಿಲ್ಲ, ಆಗಬಹುದು. ಈ ಗುಂಪಿಗೆ ಸೇರುವವು ಬರೀ ಮೈನಸ್, ಬರೀ ಪ್ಲಸ್, ಬರೀ ಚುಕ್ಕಿ, ಮೈನಸ್ ಜೊತೆ ಚುಕ್ಕಿ. ಸ್ವಲ್ಪ ಯೋಚಿಸಿದರೆ ಖಾಲಿ ಖಾನೆಯೂ ಇದೇ ಗುಂಪಿನದು. ಅಲ್ಲೂ ಬರೆಯುವುದು ಇನ್ನೂ ಬಾಕಿಯಿದೆ ಅಷ್ಟೆ. ಇವೆಲ್ಲಕ್ಕೂ ಪುಟ ಮಾಡಬೇಕಾದ್ದು ಒಂದೇ, ಎದುರಿನ ಖಾನೆಯನ್ನು ಖಾಲಿ ಬಿಟ್ಟು ಸುಮ್ಮನಿರುವುದು.

```js
function read(text) {
  const s = text.trim().replace("\u2212", "-");
  if (/^[+-]?\.?$/.test(s)) return null;
  if (!/^[+-]?(\d+\.?\d*|\.\d+)$/.test(s)) return NaN;
  return Number(s);
}
```

ಮೊದಲ ಸಾಲು ಹಿಂದುಮುಂದಿನ ಸ್ಪೇಸುಗಳನ್ನು ತೆಗೆಯುತ್ತದೆ. ಜೊತೆಗೆ ಇನ್ನೊಂದು ಸಣ್ಣ ಕೆಲಸ ಮಾಡುತ್ತದೆ. ಚೆನ್ನಾಗಿ ಅಚ್ಚಾದ ಲೇಖನಗಳಲ್ಲಿ ಮೈನಸ್‌ಗೆ ಬಳಸುವ ಉದ್ದ ಗೆರೆ ಕೀಬೋರ್ಡಿನ ಅಡ್ಡಗೆರೆಯಲ್ಲ, ಯೂನಿಕೋಡಿನಲ್ಲಿ ಅದಕ್ಕೆ ಬೇರೆಯದೇ ಸಂಕೇತವಿದೆ. ಅಲ್ಲಿಂದ −40 ಎಂದು ಕಾಪಿ ಮಾಡಿ ಇಲ್ಲಿ ಪೇಸ್ಟ್ ಮಾಡಿದರೆ ಕಣ್ಣಿಗೆ ವ್ಯತ್ಯಾಸ ಕಾಣದು, ಜಾವಾಸ್ಕ್ರಿಪ್ಟ್ ಮಾತ್ರ ಅದನ್ನು ಸಂಖ್ಯೆ ಎಂದು ಒಪ್ಪುವುದಿಲ್ಲ. ಆದ್ದರಿಂದ ಒಂದನ್ನು ಇನ್ನೊಂದಾಗಿ ಬದಲಿಸಿಕೊಳ್ಳುವುದು ಒಳ್ಳೆಯದು.

ಎರಡನೆಯ ಸಾಲು ಖಾಲಿ ಮತ್ತು ಅರ್ಧ ಬರೆದವುಗಳನ್ನು ಹಿಡಿದು `null` ಕೊಡುತ್ತದೆ. ಮೂರನೆಯದು ಅಂಕಿಗಳೂ ಹೆಚ್ಚೆಂದರೆ ಒಂದು ಚುಕ್ಕಿಯೂ ಇರುವುದನ್ನು ಮಾತ್ರ ಒಳಗೆ ಬಿಟ್ಟು, ಬೇರೆಲ್ಲಕ್ಕೂ `NaN` ಕೊಡುತ್ತದೆ. ನೇರವಾಗಿ `Number` ಕೈಗೆ ಕೊಡದೆ ನಡುವೆ ಈ ಕಾವಲು ಏಕೆ? ಏಕೆಂದರೆ `Number` ಕೂಡ ಕೆಲವು ವಿಚಿತ್ರಗಳನ್ನು ಒಪ್ಪುತ್ತದೆ. `0x10` ಬರೆದರೆ ಹದಿನಾರು ಎನ್ನುತ್ತದೆ, `1e3` ಬರೆದರೆ ಸಾವಿರ ಎನ್ನುತ್ತದೆ. ಜ್ವರ ನೋಡುವವರು ಇದನ್ನೆಲ್ಲ ಬೇಕೆಂದು ಬರೆಯುವುದಿಲ್ಲ. ಬರೆದಿದ್ದರೆ ಅದು ಕೈತಪ್ಪು. ಅಂದಹಾಗೆ ‘37.’ ಎಂದು ಚುಕ್ಕಿಯಲ್ಲಿ ನಿಂತದ್ದನ್ನು ಕಾವಲು ಬಿಡುತ್ತದೆ, 37.5 ಬರೆಯುವವರು ಆ ದಾರಿಯಲ್ಲೇ ಹೋಗಬೇಕಲ್ಲ.

ತಪ್ಪು ಬರಹ ಬಂದಾಗ ಎದುರಿನ ಖಾನೆಯಲ್ಲಿ ಏನಿರಬೇಕು ಎಂಬುದರಲ್ಲಿ ಜಾಣರಲ್ಲೇ ಭಿನ್ನಾಭಿಪ್ರಾಯವಿದೆ. ಪರದೆಯ ಮೇಲಿನ ಪ್ರೋಗ್ರಾಮುಗಳನ್ನು ಬರೆಯುವ ಬೇರೆಬೇರೆ ವಿಧಾನಗಳನ್ನು ಹೋಲಿಸಲೆಂದು ಯೂಗನ್ ಕಿಸ್ ಎಂಬವರು ‘ಸೆವೆನ್ ಗೂಯೀಸ್’ ಎಂಬ ಏಳು ಸಮಸ್ಯೆಗಳ ಪಟ್ಟಿ ಮಾಡಿದ್ದಾರೆ. ಅದರಲ್ಲಿ ಎರಡನೆಯದೇ ತಾಪಮಾನ ಪರಿವರ್ತಕ. ಒಂದು ಖಾನೆಯಲ್ಲಿ ಸಂಖ್ಯೆಯಲ್ಲದ್ದು ಬಂದರೆ ಇನ್ನೊಂದನ್ನು ಮುಟ್ಟಬಾರದು, ಹಿಂದಿನ ಉತ್ತರ ಹಾಗೇ ಇರಬೇಕು ಎಂಬುದು ಅಲ್ಲಿನ ಷರತ್ತು. ಫೇಸ್‌ಬುಕ್ಕಿನಲ್ಲಿ ಹುಟ್ಟಿದ ರಿಯಾಕ್ಟ್ ಎಂಬ ಸಾಧನದ ಹಳೆಯ ಕೈಪಿಡಿಯಲ್ಲೂ ಇದೇ ಪರಿವರ್ತಕ ಪಾಠವಾಗಿತ್ತು. ಅಲ್ಲಿ ತಪ್ಪು ಬರಹಕ್ಕೆ ಎದುರಿನ ಖಾನೆ ಖಾಲಿಯಾಗುತ್ತಿತ್ತು. ಓದುವುದಕ್ಕೆ ಮಾತ್ರ ಅದೇ ಉದಾರ `parseFloat` ಬಳಸಿದ್ದರು.

ಎರಡು ಖಾನೆಗಳನ್ನು ಜೋಡಿಸುವ ಕಸರತ್ತಾಗಿ ಮೊದಲನೆಯದು ಸ್ವಾರಸ್ಯದ್ದು. ಬಳಸುವವರ ದೃಷ್ಟಿಯಲ್ಲಿ ಎರಡನೆಯದೇ ಮೇಲು. 37 ಬರೆದಿದ್ದವರು ಅದನ್ನು ಅಳಿಸಿ ‘ಮೂವತ್ತೊಂಬತ್ತು’ ಎಂದು ಅಕ್ಷರದಲ್ಲಿ ಬರೆದರು ಎನ್ನಿ. ಹಿಂದಿನ ಉತ್ತರ ಉಳಿಸಿಕೊಳ್ಳುವ ಪುಟದಲ್ಲಿ ಎದುರಿಗೆ ಇನ್ನೂ ಹಳೆಯ ಉತ್ತರವೇ ಕೂತಿರುತ್ತದೆ, ಮೂವತ್ತೊಂಬತ್ತರ ಉತ್ತರವೇ ಅದು ಎನ್ನುವ ಹಾಗೆ. ಅಕ್ಕಪಕ್ಕ ಇರುವ ಎರಡು ಖಾನೆಗಳು ಪರಸ್ಪರ ಸಮ ಎಂದೇ ಜನ ಓದುತ್ತಾರೆ. ಸಮವಲ್ಲದ ಜೋಡಿಯನ್ನು ಒಂದು ಕ್ಷಣವೂ ತೋರಿಸದಿರುವುದು ಲೇಸು.

```js
function update(from, to, convert) {
  const n = read(from.value);
  const bad = Number.isNaN(n);
  to.value = n === null || bad ? "" : Math.round(convert(n) * 10) / 10;
  note.textContent = bad ? "ಅಂಕಿಗಳಲ್ಲಿ ಬರೆಯಿರಿ, ಉದಾಹರಣೆಗೆ 36.6" : "";
}
c.addEventListener("input", () => update(c, f, x => x * 9 / 5 + 32));
f.addEventListener("input", () => update(f, c, x => (x - 32) * 5 / 9));
```

ಕೊನೆಯ ಎರಡು ಸಾಲು ಓದಿದವರಿಗೆ ಒಂದು ಭಯ ಹುಟ್ಟಬಹುದು. ಸೆಲ್ಸಿಯಸ್ ಬದಲಾದರೆ ಫ್ಯಾರನ್‌ಹೀಟ್ ಬದಲಾಗುತ್ತದೆ, ಫ್ಯಾರನ್‌ಹೀಟ್ ಬದಲಾದರೆ ಸೆಲ್ಸಿಯಸ್. ಒಂದನ್ನೊಂದು ಅಟ್ಟಿಸಿಕೊಂಡು ಕೊನೆಯಿಲ್ಲದೆ ಸುತ್ತುವುದಿಲ್ಲವೇ? ಇಲ್ಲ. ಬಳಸುವವರು ಮಾಡಿದ ಬದಲಾವಣೆಗೆ ಮಾತ್ರ ಬ್ರೌಸರ್ `input` ಸುದ್ದಿ ಕಳಿಸುತ್ತದೆ, ಪ್ರೋಗ್ರಾಮು ತಾನೇ ಖಾನೆಗೆ ಬರೆದರೆ ಕಳಿಸುವುದಿಲ್ಲ.

ಬರೆಯುತ್ತಿರುವ ಖಾನೆಯನ್ನು ಈ ಪ್ರೋಗ್ರಾಮು ಮುಟ್ಟುವುದೂ ಇಲ್ಲ. ಕೆಲವರು ಅಚ್ಚುಕಟ್ಟಾಗಲಿ ಎಂದು ಅದನ್ನೂ ಸರಿಪಡಿಸಲು ಹೋಗುತ್ತಾರೆ. ಆಗ 37.5 ಬರೆಯುವವರು ಚುಕ್ಕಿ ಇಟ್ಟ ಕೂಡಲೇ ಪುಟ ‘37.’ ಅನ್ನು 37 ಎಂದು ತಿದ್ದಿ ಚುಕ್ಕಿಯನ್ನು ನುಂಗುತ್ತದೆ. ಮುಂದಿನ 5 ಸೇರಿ 375 ಆಗುತ್ತದೆ. ಎದುರಿಗೆ 707 ಡಿಗ್ರಿ ಜ್ವರ.

ಒಂದು ದಶಮಾಂಶಕ್ಕೆ ಸರಿಪಡಿಸುವುದಕ್ಕೂ ಕಾರಣವಿದೆ. ಕೆಲವರು 9 ಮತ್ತು 5ರ ಬದಲು ನೇರವಾಗಿ 1.8ರಿಂದ ಗುಣಿಸುತ್ತಾರೆ. ಗಣಿತದಲ್ಲಿ ಎರಡೂ ಒಂದೇ. ಕಂಪ್ಯೂಟರ್ ಮಾತ್ರ 1.8 ಎಂಬುದನ್ನು ಎರಡಂಕಿ ಪದ್ಧತಿಯಲ್ಲಿ ಸರಿಸುಮಾರಾಗಿಯಷ್ಟೇ ಹಿಡಿದಿಡಬಲ್ಲದು. 37ನ್ನು 1.8ರಿಂದ ಗುಣಿಸಿ 32 ಕೂಡಿಸಿದರೆ ಪರದೆಯ ಮೇಲೆ 98.60000000000001 ಎಂದು ಬರುತ್ತದೆ. 9ರಿಂದ ಗುಣಿಸಿ 5ರಿಂದ ಭಾಗಿಸಿದರೆ ಚೊಕ್ಕವಾಗಿ 98.6. ಆದರೆ ಎಲ್ಲ ಸಂಖ್ಯೆಗಳಲ್ಲೂ ಈ ಅದೃಷ್ಟ ಇರುವುದಿಲ್ಲ, ಆದ್ದರಿಂದ ತೋರಿಸುವಾಗ ಸರಿಪಡಿಸುವುದು ಅನಿವಾರ್ಯ. ಅದಕ್ಕೆ `toFixed(1)` ಬಳಸಿದರೆ ಇನ್ನೊಂದು ತಮಾಷೆ: ಸೊನ್ನೆಗಿಂತ ಕೂದಲೆಳೆ ಕೆಳಗಿನ ಉತ್ತರ ‘-0.0’ ಎಂದು ಬರುತ್ತದೆ. ಫ್ಯಾರನ್‌ಹೀಟಿನಲ್ಲಿ 31.95 ಬರೆದು ನೋಡಿದರೆ ಕಾಣುತ್ತದೆ. `Math.round` ಬಳಸಿದ ಮೇಲಿನ ಸಾಲಿನಲ್ಲಿ ಅದೇ ಉತ್ತರ ಬರೀ 0.

ಉತ್ತರಕ್ಕೆ ಹೆಚ್ಚು ದಶಮಾಂಶ ಕೊಟ್ಟರೆ ಹೆಚ್ಚು ನಿಖರ ಎಂಬ ಭ್ರಮೆಗೆ 98.6 ತಾನೇ ಒಳ್ಳೆಯ ಸಾಕ್ಷಿ. ಜರ್ಮನಿಯ ವೈದ್ಯ ಕಾರ್ಲ್ ವುಂಡರ್ಲಿಶ್ 1868ರ ತನ್ನ ಪುಸ್ತಕದಲ್ಲಿ ಆರೋಗ್ಯವಂತರ ಮೈಬಿಸಿ ಸರಾಸರಿ 37 ಸೆಲ್ಸಿಯಸ್ ಎಂದ. ಅದು ಒಂದು ಸುತ್ತಿನ ಸಂಖ್ಯೆ. ಸೂತ್ರಕ್ಕೆ ಹಾಕಿ ತೆಗೆದಾಗ 98.6 ಆಯಿತು, ಹತ್ತನೇ ಒಂದು ಡಿಗ್ರಿಯವರೆಗೂ ಅಳೆದಂತೆ ಕಾಣತೊಡಗಿತು. ಮೂರು ದಶಮಾಂಶ ತೋರಿಸುವ ಪರಿವರ್ತಕಗಳು ಪ್ರತಿ ಸಲವೂ ಇದನ್ನೇ ಮಾಡುತ್ತವೆ.

ಸಂಖ್ಯೆ ಮಾತ್ರ ಬರುವ ಹಾಗೆ ಖಾನೆಯನ್ನೇ ಬಿಗಿ ಮಾಡಿದರೆ ಈ ರಗಳೆ ಇರುವುದಿಲ್ಲವಲ್ಲ ಎಂದು ಯಾರಿಗಾದರೂ ಅನಿಸುತ್ತದೆ. ಎಚ್‌ಟಿಎಂಎಲ್‌ನಲ್ಲಿ ಅದಕ್ಕೆಂದೇ `type="number"` ಇದೆ. ಆದರೆ ಈ ಬಗೆಯ ಖಾನೆ ತನಗೆ ಅರ್ಥವಾಗದ ಬರಹವನ್ನು ಪ್ರೋಗ್ರಾಮಿಗೆ ತೋರಿಸುವುದೇ ಇಲ್ಲ; ಕೇಳಿದರೆ ಖಾಲಿ ಪಠ್ಯ ಕೊಡುತ್ತದೆ. ಮೊದಲ ಪ್ರೋಗ್ರಾಮಿನ ಜೊತೆ ಇದನ್ನು ಸೇರಿಸಿದರೆ −40 ಬರೆಯುವವರು ಮೈನಸ್ ಒತ್ತಿದ ಕೂಡಲೇ ಎದುರಿಗೆ 32 ಮಿನುಗುತ್ತದೆ. ಖಾಲಿಯೂ ತಪ್ಪು ಬರಹವೂ ಒಂದೇ ರೂಪದಲ್ಲಿ ಬರುವುದರಿಂದ ಬೇರೆ ಮಾಡಲು `validity.badInput` ಎಂಬ ಇನ್ನೊಂದು ಗುರುತನ್ನು ಕೇಳಬೇಕಾಗುತ್ತದೆ. ಬ್ರಿಟನ್ ಸರ್ಕಾರದ ಜಾಲತಾಣಗಳ ವಿನ್ಯಾಸ ತಂಡ 2020ರಲ್ಲಿ ಈ ಬಗೆಯ ಖಾನೆಯನ್ನು ಬಿಟ್ಟು, ಸಾದಾ ಪಠ್ಯದ ಖಾನೆಗೆ `inputmode="numeric"` ಸೇರಿಸುವ ದಾರಿ ಹಿಡಿಯಿತು. ಹಾಗೆ ಸೇರಿಸಿದರೆ ಮೊಬೈಲಿನಲ್ಲಿ ಅಂಕಿಗಳ ಕೀಬೋರ್ಡ್ ಏಳುತ್ತದೆ.

ತಾಪಮಾನಕ್ಕೆ ಮಾತ್ರ ಆ ದಾರಿಯನ್ನು ಕಣ್ಣುಮುಚ್ಚಿ ಹಿಡಿಯುವಂತಿಲ್ಲ. ಐಫೋನಿನಲ್ಲಿ ಹೀಗೆ ಏಳುವ ಅಂಕಿಗಳ ಕೀಬೋರ್ಡಿನಲ್ಲಿ ಮೈನಸ್ ಕೀ ಇಲ್ಲ. ಜ್ವರಕ್ಕೆ ಮಾತ್ರ ಬಳಸುವ ಪುಟವಾದರೆ ಅದರಿಂದ ನಷ್ಟವಿಲ್ಲ, ಚುಕ್ಕಿಯೂ ಇರುವ `inputmode="decimal"` ಸಾಕು. ಹವಾಮಾನಕ್ಕೂ ಬಳಸುವ ಪುಟವಾದರೆ ಮಿಚಿಗನ್ನಿನಲ್ಲಿ ಜನವರಿಯ ಚಳಿಯಲ್ಲಿ ಕೂತ ಕನ್ನಡಿಗರು −10 ಬರೆಯಲಾಗದೆ ಪರದಾಡುತ್ತಾರೆ. ಅಲ್ಲಿ ಸಾದಾ ಪಠ್ಯದ ಖಾನೆಯನ್ನು ಸುಮ್ಮನೆ ಹಾಗೇ ಬಿಡುವುದೇ ವಾಸಿ.

ತಪ್ಪಿನ ಸೂಚನೆ ಬರುವ ಜಾಗಕ್ಕೆ, ಮೇಲಿನ ಪ್ರೋಗ್ರಾಮಿನಲ್ಲಿ `note` ಎಂದಿರುವುದಕ್ಕೆ, `role="status"` ಎಂದು ಸೇರಿಸಿದರೆ ಕಣ್ಣು ಕಾಣದವರು ಬಳಸುವ ಪರದೆ ಓದುವ ತಂತ್ರಾಂಶ ಅದನ್ನು ಗಟ್ಟಿಯಾಗಿ ಓದಿ ಹೇಳುತ್ತದೆ, ಅವರು ಬರೆಯುತ್ತಿರುವ ಜಾಗದಿಂದ ಎಬ್ಬಿಸದೆ. ಬರೀ ಖಾನೆಯ ಅಂಚನ್ನು ಕೆಂಪು ಮಾಡಿದರೆ ಅವರಿಗೆ ಏನೂ ತಿಳಿಯುವುದಿಲ್ಲ.

ಸಂಖ್ಯೆಯಾಗಿದ್ದೂ ತಾಪಮಾನವಾಗಲಾರದ ಬರಹವೂ ಇದೆ. −273.15 ಸೆಲ್ಸಿಯಸ್‌ಗಿಂತ, ಅಂದರೆ −459.67 ಫ್ಯಾರನ್‌ಹೀಟ್‌ಗಿಂತ ತಣ್ಣಗಿರುವುದು ಯಾವುದೂ ಇಲ್ಲ. −300 ಸೆಲ್ಸಿಯಸ್ ಬರೆದವರಿಗೆ ಸೂತ್ರ ಮಾತ್ರ −508 ಎಂದು ನಿರ್ವಿಕಾರವಾಗಿ ಉತ್ತರಿಸುತ್ತದೆ. ಈ ಕೆಳಮಿತಿಯನ್ನು ಟೈಪ್ ಮಾಡುತ್ತಿರುವಾಗಲೇ ಪರೀಕ್ಷಿಸಬಹುದು. −200 ಬರೆಯುವವರು −2, −20 ದಾಟಿ ಹೋಗುತ್ತಾರೆ, ದಾರಿಯಲ್ಲೆಲ್ಲೂ ಮಿತಿ ಮೀರುವುದಿಲ್ಲ, ಸುಳ್ಳು ಎಚ್ಚರಿಕೆ ಬರುವುದಿಲ್ಲ. ಆಸ್ಪತ್ರೆಯ ಅರ್ಜಿಯಲ್ಲಿ ‘90ಕ್ಕಿಂತ ಕಡಿಮೆ ಫ್ಯಾರನ್‌ಹೀಟ್ ಬರೆಯಬಾರದು’ ಎಂಬ ಮಿತಿಯಿದ್ದರೆ ಕಥೆ ಬೇರೆ. 101 ಬರೆಯಲು ಹೊರಟವರು 1 ಮತ್ತು 10ನ್ನು ದಾಟಲೇಬೇಕು, ಎರಡು ಸಲ ಬೈಸಿಕೊಳ್ಳಲೇಬೇಕು. ಅಂಥ ಮಿತಿಯನ್ನು ನೋಡುವ ಕೆಲಸವನ್ನು `input`ಗೆ ಕೊಡದೆ, ಬರೆದು ಮುಗಿದ ಮೇಲೆ ಬರುವ `change`ಗೆ ಬಿಡಬೇಕು.

ಇಷ್ಟೆಲ್ಲ ಆದ ಮೇಲೂ ಕನ್ನಡ ಓದುಗರಿಗೆ ಸಂಬಂಧಪಟ್ಟ ಒಂದು ಕೊರತೆ ಉಳಿದಿದೆ. ಕನ್ನಡ ಅಂಕಿಯಲ್ಲಿ ೩೭ ಎಂದು ಬರೆದರೆ ಈ ಪುಟ ‘ಅಂಕಿಗಳಲ್ಲಿ ಬರೆಯಿರಿ’ ಎನ್ನುತ್ತದೆ! ಜಾವಾಸ್ಕ್ರಿಪ್ಟಿಗೆ ಅಂಕಿಯೆಂದರೆ 0ಯಿಂದ 9ರವರೆಗಿನವು ಮಾತ್ರ. `Number` ಆಗಲಿ ಕಾವಲಿನಲ್ಲಿರುವ `\d` ಆಗಲಿ ಕನ್ನಡ ಅಂಕಿಯನ್ನು ಗುರುತಿಸುವುದಿಲ್ಲ. ದುರಸ್ತಿ ಕಷ್ಟವಿಲ್ಲ. ಯೂನಿಕೋಡಿನಲ್ಲಿ ೦ಯಿಂದ ೯ರವರೆಗೆ ಹತ್ತೂ ಅಂಕಿಗಳು `0CE6`ರಿಂದ ಶುರುವಾಗಿ ಸಾಲಾಗಿ ಕೂತಿವೆ. ಅಂಕಿಯ ಸಂಕೇತದಿಂದ ಅಷ್ಟನ್ನು ಕಳೆದರೆ ಅದರ ಬೆಲೆಯೇ ಸಿಗುತ್ತದೆ. `read` ಒಳಗಿನ `trim()` ಪಕ್ಕಕ್ಕೆ ಇಷ್ಟು ಸೇರಿಸಿದರೆ ಮುಗಿಯಿತು:

```js
.replace(/[೦-೯]/g, d => d.charCodeAt(0) - 0x0CE6)
```

ಉತ್ತರವೂ ಕನ್ನಡ ಅಂಕಿಯಲ್ಲೇ ಬರಲಿ ಎಂದರೆ ಬ್ರೌಸರಿನಲ್ಲೇ ಇರುವ `Intl.NumberFormat`ಗೆ `"kn-IN-u-nu-knda"` ಎಂದು ಹೇಳಬೇಕು, ಅದು 98.6ನ್ನು ೯೮.೬ ಎಂದು ಬರೆದು ಕೊಡುತ್ತದೆ. ಆದರೆ ಇಲ್ಲಿ ಒಂದು ಗುಂಡಿ ಕಾದಿದೆ. 1000 ಸೆಲ್ಸಿಯಸ್‌ಗೆ ಉತ್ತರ 1832. ಈ ಸಾಧನ ಅದನ್ನು ಸಾವಿರದ ಸ್ಥಾನದಲ್ಲಿ ಅಲ್ಪವಿರಾಮ ಹಾಕಿ ೧,೮೩೨ ಎಂದು ಖಾನೆಗೆ ಬರೆಯುತ್ತದೆ. ಬಳಸುವವರು ಆ ಖಾನೆಗೇ ಹೋಗಿ ಕೊನೆಯ ಅಂಕಿ ತಿದ್ದಿದರೆ, ತಾನೇ ಬರೆದ ಸಂಖ್ಯೆಯನ್ನು ಪುಟ ಸಂಖ್ಯೆಯಲ್ಲ ಎಂದು ತಿರಸ್ಕರಿಸುತ್ತದೆ. ಅದಕ್ಕಾಗಿ `useGrouping: false` ಎಂದೂ ಜೊತೆಗೆ ಹೇಳಿರಬೇಕು.